‘ಒಲ್ಲೆ’ ಎನ್ನಲು ಎಡೆಯಿರುವ ಮಾಹಿತಿ ಪತ್ರ

ಅಕ್ಕಲಕೋಟ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ಸ್ನಾತಕೋತ್ತರ ಕನ್ನಡ ತರಗತಿಯ ವಿದ್ಯಾರ್ಥಿನಿಯೊಬ್ಬಳು ಒಂದು ಪುಟದ ಮಾಹಿತಿ ಪತ್ರವನ್ನು ಓದಿ ಮುಗಿಸಿದಳು. ಎದುರಿಗೆ ಕುಳಿತು ಕೇಳುತ್ತಿದ್ದವರು ಅರವತ್ತು ದಾಟಿದ ಒಬ್ಬ ಹಿರಿಯ ಹೆಣ್ಣುಮಗಳು. ಸಹಿಯ ಗೆರೆಯನ್ನು ತೋರಿಸಿದಾಗ ಆಕೆ ಪೆನ್ನು ಹಿಡಿಯಲಿಲ್ಲ. “ಬರ್ಕೋ ತಂಗಿ, ಏನ್ ಬೇಕಾದ್ದು ಬರ್ಕೋ. ಆದ್ರ ಇದರಾಗ ಕನ್ನಡ ಅಂತ ಬರದ್ರ ನಮ್ಮ ರೇಶನ್ ಬಂದ್ ಆಗೂದಿಲ್ಲಲ್ಲ?” ಎಂದು ಕೇಳಿದರು. “ಇಲ್ಲ ಆಯಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ” ಎಂದು ವಿದ್ಯಾರ್ಥಿನಿ ಹೇಳಿದಳು. ಆಮೇಲೆ ಅವರು ಸಹಿ ಮಾಡಿದರು, ಹದಿನಾಲ್ಕು ಪ್ರಶ್ನೆಗಳಿಗೂ ಉತ್ತರ ಕೊಟ್ಟರು.

ಲೆಕ್ಕದ ದೃಷ್ಟಿಯಿಂದ ಅದು ಯಶಸ್ವಿ ಸಂದರ್ಶನವೇ ಸರಿ. ಆದರೆ ಆ ಒಂದು ಪ್ರಶ್ನೆ ಇಡೀ ಪತ್ರ ಸೋತುದನ್ನು ಹೇಳುತ್ತಿತ್ತು. ಪತ್ರವನ್ನು ಪೂರ್ತಿಯಾಗಿ ಕೇಳಿದ ಮೇಲೂ ಬಂದವರು ಯಾರು, ಉತ್ತರ ಎಲ್ಲಿಗೆ ಹೋಗುತ್ತದೆ, ಉತ್ತರಿಸದಿದ್ದರೆ ಏನಾಗುತ್ತದೆ ಎಂಬ ಮೂರೂ ಸಂಗತಿಗಳು ಆಕೆಗೆ ತಿಳಿದಿರಲಿಲ್ಲ. ಅಂಥ ಸಹಿಯನ್ನು ಒಪ್ಪಿಗೆ ಎನ್ನಲಾಗದು. ಅದು ಮನೆಗೆ ಬಂದ ಹುಡುಗಿಯ ಮೇಲಿನ ಅಂತಃಕರಣ, ಅಥವಾ ಕಾಗದದ ಮೇಲಿನ ಅಂಜಿಕೆ. ಬಹುಶಃ ಎರಡೂ ಬೆರೆತದ್ದು.

ಆ ಪತ್ರದ ಮುಖ್ಯ ಭಾಗ ಹೀಗಿತ್ತು: ‘ಪ್ರಸ್ತುತ ಸಂಶೋಧನಾ ಸಮೀಕ್ಷೆಯಲ್ಲಿ ತಮ್ಮ ಭಾಗವಹಿಸುವಿಕೆಯು ಸಂಪೂರ್ಣ ಸ್ವಯಂಪ್ರೇರಿತವಾಗಿದ್ದು, ತಮ್ಮಿಂದ ಸಂಗ್ರಹಿಸಲಾಗುವ ದತ್ತಾಂಶವನ್ನು ಶೈಕ್ಷಣಿಕ ಉದ್ದೇಶಗಳಿಗಾಗಿ ಮಾತ್ರ ಗೋಪ್ಯವಾಗಿ ಬಳಸಲಾಗುವುದು. ಭಾಗವಹಿಸುವವರು ಯಾವುದೇ ಸಮಯದಲ್ಲಿ ಸಮೀಕ್ಷೆಯಿಂದ ಹಿಂದೆ ಸರಿಯುವ ಹಕ್ಕನ್ನು ಕಾಯ್ದಿರಿಸಿಕೊಂಡಿರುತ್ತಾರೆ.’ ವ್ಯಾಕರಣದಲ್ಲಿ ತಪ್ಪಿಲ್ಲ, ಇರಬೇಕಾದ ಅಂಶಗಳೆಲ್ಲ ಇವೆ. ಪರಿಶೀಲನಾ ಸಮಿತಿ ಇಂಥದನ್ನು ಕಣ್ಣಾಡಿಸಿ ಒಪ್ಪಿಬಿಡುತ್ತದೆ. ಸಮಿತಿಯ ಕಣ್ಣಿಗಾಗಿ ಬರೆದ ಪತ್ರವನ್ನು ಕಟ್ಟೆಯ ಮೇಲೆ ಕುಳಿತವರಿಗೆ ಓದಿದ್ದೇ ಇಲ್ಲಿನ ದೋಷ.

ಸಮೀಕ್ಷೆಯ ವಿಷಯ ಸರಳವಾಗಿತ್ತು. ಎರಡು ಹಳ್ಳಿಗಳ ನೂರಿಪ್ಪತ್ತು ಮನೆಗಳಲ್ಲಿ ಹಿರಿಯರು ಮೊಮ್ಮಕ್ಕಳೊಡನೆ ಯಾವ ಭಾಷೆಯಲ್ಲಿ ಮಾತನಾಡುತ್ತಾರೆ, ಮಕ್ಕಳನ್ನು ಯಾವ ಮಾಧ್ಯಮದ ಶಾಲೆಗೆ ಕಳಿಸುತ್ತಾರೆ, ಏಕೆ ಎಂಬುದನ್ನು ತಿಳಿಯುವುದು. ಬೇರೆಡೆ ಇದು ನಿರುಪದ್ರವಿ ಪ್ರಶ್ನೆಯೇ. ಸೊಲ್ಲಾಪುರ, ಅಕ್ಕಲಕೋಟ, ಜತ್ತ ಸೀಮೆಯಲ್ಲಿ ಹಾಗಲ್ಲ. ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಂದಿನಿಂದ ಮನೆಮಾತಿನ ಪ್ರಶ್ನೆ ಇಲ್ಲಿ ಗಡಿಯ ಪ್ರಶ್ನೆಯೂ ಆಗಿದೆ. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುತ್ತ ನೆಮ್ಮದಿಯಾಗಿರುವವರು ಕೂಡ ‘ನಿಮ್ಮ ಭಾಷೆ ಯಾವುದು’ ಎಂದು ಕಾಗದ ಹಿಡಿದು ಕೇಳಿದರೆ ಒಂದು ಕ್ಷಣ ತಡೆಯುತ್ತಾರೆ. ಉತ್ತರವನ್ನು ಯಾರು ಎಣಿಸುತ್ತಾರೆ, ಎಣಿಸಿ ಏನು ಮಾಡುತ್ತಾರೆ ಎಂಬುದು ಅವರ ಅನುಮಾನ. ಅದು ಅಜ್ಞಾನವಲ್ಲ, ಅನುಭವ.

ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಮನೆಬಾಗಿಲಿಗೆ ಬಂದು ಮಾತೃಭಾಷೆ ಕೇಳುವವರೆಂದರೆ ಹಳ್ಳಿಗೆ ಪರಿಚಿತವಾದದ್ದು ಜನಗಣತಿ. 1948ರ ಜನಗಣತಿ ಕಾಯ್ದೆಯಂತೆ ಗಣತಿಯ ಪ್ರಶ್ನೆಗಳಿಗೆ ತಿಳಿದಮಟ್ಟಿಗೆ ಉತ್ತರ ಕೊಡುವುದು ಕಡ್ಡಾಯ, ನಿರಾಕರಿಸಿದರೆ ದಂಡವುಂಟು. ಕಾಲೇಜಿನ ಹುಡುಗಿ ಹಿಡಿದ ಕಾಗದಕ್ಕೂ ಗಣತಿದಾರರು ಹಿಡಿದ ಕಾಗದಕ್ಕೂ ನೋಡುವವರ ಕಣ್ಣಿಗೆ ವ್ಯತ್ಯಾಸವಿಲ್ಲ. ಅಂದಮೇಲೆ ‘ಸ್ವಯಂಪ್ರೇರಿತ’ ಎಂಬ ಒಂದು ಪದ ಆ ಕಡ್ಡಾಯದ ನೆನಪನ್ನು ಅಳಿಸಲಾರದು. ಅದನ್ನು ಅಳಿಸುವಂಥ ವಾಕ್ಯ ಬೇಕು.

ಆ ವಾಕ್ಯವನ್ನು ಹುಡುಕುವಾಗ ಭಾಷೆಯೇ ಮೊದಲ ತೊಡಕಾಗುತ್ತದೆ. ಎರಡು ಭಾಷೆಯ ಸೀಮೆಯಲ್ಲಿ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇರಬೇಕು. ಒಂದರಿಂದ ಇನ್ನೊಂದಕ್ಕೆ ಪದಗಳನ್ನು ಹಾಗೆಯೇ ದಾಟಿಸಿದರೆ ಅರ್ಥ ಕೆಡುತ್ತದೆ. ಮರಾಠಿಯಲ್ಲಿ ‘ಸ್ವೇಚ್ಛೆ’ ಗೌರವದ ಪದ, ನೌಕರಿಯಿಂದ ತಾವಾಗಿ ನಿವೃತ್ತರಾಗುವುದಕ್ಕೂ ಅಲ್ಲಿ ಅದೇ ಪದ. ಕನ್ನಡದ ಕಿವಿಗೆ ಸ್ವೇಚ್ಛೆ ಎಂದರೆ ಲಂಗುಲಗಾಮಿಲ್ಲದ ನಡತೆ. ಮರಾಠಿಯ ‘ಸಕ್ತಿ’ ಎಂದರೆ ಬಲವಂತ, ಅದನ್ನು ಕನ್ನಡದಲ್ಲಿ ಕೇಳಿದವರಿಗೆ ‘ಶಕ್ತಿ’ ಎಂದು ಕೇಳಿಸಬಹುದು. ಇಂಥ ಕಡೆ ಎರಡೂ ಭಾಷೆಯ ನಾಮಪದಗಳನ್ನು ಬಿಟ್ಟು ಕ್ರಿಯಾಪದಕ್ಕೆ ಬರುವುದೇ ದಾರಿ. ‘ನಿಮ್ಮ ಭಾಗವಹಿಸುವಿಕೆ ಸ್ವಯಂಪ್ರೇರಿತ’ ಎನ್ನುವ ಬದಲು ‘ನಿಮಗೆ ಮನಸ್ಸಿದ್ದರೆ ಹೇಳಿರಿ, ಇಲ್ಲದಿದ್ದರೆ ಒಲ್ಲೆ ಎನ್ನಿರಿ’ ಎಂದರೆ ಸಾಕು. ‘ಒಲ್ಲೆ’ ಎಂಬುದು ಈ ಸೀಮೆಯ ಮಕ್ಕಳು ಮಾತು ಕಲಿಯುವಾಗಲೇ ಕಲಿಯುವ ಪದ.

ಹೀಗೆ ತಿದ್ದಿದ ಪತ್ರದ ಮೊದಲ ಭಾಗ ಹೀಗಾಯಿತು: ‘ಕಾಲೇಜಿನಲ್ಲಿ ಓದುತ್ತಿರುವ ವಿದ್ಯಾರ್ಥಿಗಳು ತಮ್ಮ ಪರೀಕ್ಷೆಯ ಪ್ರಬಂಧಕ್ಕಾಗಿ ಈ ಪ್ರಶ್ನೆಗಳನ್ನು ಕೇಳುತ್ತಿದ್ದಾರೆ. ಇವರು ಸರಕಾರದಿಂದ ಬಂದವರಲ್ಲ, ಇದು ಜನಗಣತಿಯೂ ಅಲ್ಲ. ಉತ್ತರ ಕೊಡಲೇಬೇಕೆಂದಿಲ್ಲ. ನೀವು ಒಲ್ಲೆ ಎಂದರೆ ಏಕೆ ಎಂದು ಕೇಳುವುದಿಲ್ಲ. ಒಂದು ಪ್ರಶ್ನೆ ಮಾತ್ರ ಬೇಡವೆನಿಸಿದರೆ ಅದನ್ನಷ್ಟೇ ಬಿಡಬಹುದು. ಉತ್ತರ ಕೊಟ್ಟವರಿಗೆ ಹಣವಾಗಲಿ ಸವಲತ್ತಾಗಲಿ ಸಿಗುವುದಿಲ್ಲ. ಕೊಡದವರಿಗೆ ಇವರಿಂದ ಯಾವ ತೊಂದರೆಯೂ ಇಲ್ಲ. ರೇಶನ್, ಪಿಂಚಣಿ, ಮಕ್ಕಳ ಶಾಲೆ ಇವುಗಳನ್ನು ನೋಡಿಕೊಳ್ಳುವ ಯಾವ ಕಚೇರಿಗೂ ಈ ಕಾಗದವನ್ನು ಕೊಡುವುದಿಲ್ಲ.’

ಕೊನೆಯ ವಾಕ್ಯದಲ್ಲಿ ಒಂದು ಎಚ್ಚರವಿದೆ. ‘ನಿಮ್ಮ ರೇಶನ್‌ಗೆ ಏನೂ ಆಗುವುದಿಲ್ಲ’ ಎಂದು ಬರೆಯುವುದು ಸುಲಭ. ಆದರೆ ರೇಶನ್ ಕಾರ್ಡಿನ ಭವಿಷ್ಯ ವಿದ್ಯಾರ್ಥಿಗಳ ಕೈಯಲ್ಲಿಲ್ಲ. ಬೇರೆ ಕಾರಣಕ್ಕೆ ನಾಳೆ ಅದು ರದ್ದಾದರೆ ಮಾತು ಕೊಟ್ಟವರು ಸುಳ್ಳರಾಗುತ್ತಾರೆ. ಕಾಗದವನ್ನು ಯಾರಿಗೆ ಕೊಡುತ್ತಾರೆ, ಯಾರಿಗೆ ಕೊಡುವುದಿಲ್ಲ ಎಂಬುದು ಮಾತ್ರ ಅವರ ಕೈಯಲ್ಲಿದೆ. ಮಾಹಿತಿ ಪತ್ರ ಬರೆಯುವವರು ತಮ್ಮ ಹತೋಟಿಯಲ್ಲಿರುವುದನ್ನು ಮಾತ್ರ ಭರವಸೆಯಾಗಿ ಕೊಡಬೇಕು.

ಒಲ್ಲೆ ಎನ್ನುವ ಸ್ವಾತಂತ್ರ್ಯ ಪತ್ರದ ಹೊರಗೂ ಕಳೆದುಹೋಗಬಹುದು. ಮೊದಲ ವಾರ ವಿದ್ಯಾರ್ಥಿಗಳನ್ನು ಮನೆಮನೆಗೆ ಕರೆದೊಯ್ದವರು ಊರಿನ ಶಾಲೆಯ ಒಬ್ಬ ಶಿಕ್ಷಕರು. ಒಳ್ಳೆಯ ಮನಸ್ಸಿನಿಂದಲೇ ಬಂದವರು. ಆದರೆ ಮಗನ ಗುರುಗಳು ಹೊಸ್ತಿಲಲ್ಲಿ ನಿಂತಿರುವಾಗ ‘ಮಗನನ್ನು ಕನ್ನಡ ಶಾಲೆಯಿಂದ ಏಕೆ ಬಿಡಿಸಿದಿರಿ’ ಎಂಬ ಪ್ರಶ್ನೆಗೆ ಯಾವ ತಂದೆ ಒಲ್ಲೆ ಎಂದಾನು? ಎರಡನೆಯ ವಾರದಿಂದ ಶಿಕ್ಷಕರು ಊರಿಗೆ ಪರಿಚಯ ಮಾಡಿಸಿ ಹಿಂದಿರುಗುವುದೆಂದು, ಮನೆಗಳಿಗೆ ವಿದ್ಯಾರ್ಥಿಗಳಷ್ಟೇ ಹೋಗುವುದೆಂದು ತೀರ್ಮಾನವಾಯಿತು. ಪತ್ರದಲ್ಲಿ ಎಷ್ಟು ಚೆನ್ನಾಗಿ ಬರೆದರೂ ಅದನ್ನು ಓದುವಾಗ ಪಕ್ಕದಲ್ಲಿ ಯಾರು ನಿಂತಿದ್ದಾರೆ ಎಂಬುದು ಅದಕ್ಕಿಂತ ಗಟ್ಟಿಯಾಗಿ ಮಾತನಾಡುತ್ತದೆ.

ಎರಡನೆಯ ಭಾಗ ಉತ್ತರಗಳ ಬಳಕೆಯದು. ‘ಶೈಕ್ಷಣಿಕ ಉದ್ದೇಶಗಳಿಗಾಗಿ ಮಾತ್ರ’ ಎಂಬ ನುಡಿಯಲ್ಲಿ ‘ಮಾತ್ರ’ ಎಂಬುದು ಇದ್ದೂ ಇಲ್ಲದಂತೆ. ಪ್ರಬಂಧ, ವಿಚಾರ ಸಂಕಿರಣ, ಪತ್ರಿಕೆಯ ಲೇಖನ, ಮುಂದಿನ ವರ್ಷದ ಇನ್ನೊಬ್ಬ ವಿದ್ಯಾರ್ಥಿಯ ಅಧ್ಯಯನ, ಇವೆಲ್ಲವೂ ಶೈಕ್ಷಣಿಕವೇ. ಉತ್ತರಿಸುವವರಿಗೆ ಉದ್ದೇಶದ ಹೆಸರಿಗಿಂತ ಕಾಗದದ ಪ್ರಯಾಣ ತಿಳಿಯಬೇಕು: ಇಲ್ಲಿಂದ ಎದ್ದ ಮೇಲೆ ಅದು ಯಾರ ಚೀಲದಲ್ಲಿ ಹೋಗುತ್ತದೆ, ಯಾವ ಬೀರುವಿನಲ್ಲಿ ಇರುತ್ತದೆ, ಯಾರು ಓದುತ್ತಾರೆ, ಕಡೆಗೆ ಏನಾಗುತ್ತದೆ.

ತಿದ್ದಿದ ಪತ್ರ ಇದನ್ನು ಹೀಗೆ ಹೇಳಿತು: ‘ಉತ್ತರ ಬರೆದ ಕಾಗದದ ಮೇಲೆ ನಿಮ್ಮ ಹೆಸರು ಬರೆಯುವುದಿಲ್ಲ, ಒಂದು ಸಂಖ್ಯೆ ಬರೆಯುತ್ತಾರೆ. ಯಾವ ಸಂಖ್ಯೆ ಯಾವ ಮನೆಯದು ಎಂಬ ಪಟ್ಟಿ ಬೇರೆ ಇರುತ್ತದೆ. ಅದು ಮಾರ್ಗದರ್ಶಕರ ಬೀರುವಿನಲ್ಲಿ ಬೀಗದೊಳಗೆ ಇರುತ್ತದೆ. ಕಾಗದದಲ್ಲಿರುವುದನ್ನು ಕಂಪ್ಯೂಟರಿಗೆ ಸೇರಿಸುತ್ತಾರೆ. ಇದನ್ನು ನೋಡುವವರು ಇಬ್ಬರು ವಿದ್ಯಾರ್ಥಿಗಳು ಮತ್ತು ಮಾರ್ಗದರ್ಶಕರು. ಪ್ರಬಂಧ ಕಾಲೇಜಿನ ಗ್ರಂಥಾಲಯದಲ್ಲಿ ಇರುತ್ತದೆ, ಯಾರು ಬೇಕಾದರೂ ಓದಬಹುದು. ಅದರಲ್ಲಿ ಎಷ್ಟು ಮನೆಗಳಲ್ಲಿ ಏನು ಹೇಳಿದರು ಎಂಬ ಲೆಕ್ಕ ಇರುತ್ತದೆ, ಯಾರು ಹೇಳಿದರು ಎಂದು ಇರುವುದಿಲ್ಲ.’ ಉತ್ತರಿಸುವವರ ಮಾತನ್ನು ಅವರದೇ ನುಡಿಯಲ್ಲಿ ಉದ್ಧರಿಸುವುದಕ್ಕೂ ಧ್ವನಿ ಮುದ್ರಿಸಿಕೊಳ್ಳುವುದಕ್ಕೂ ಬೇರೆ ಬೇರೆಯಾಗಿ ‘ಆಗಲಿ’, ‘ಬೇಡ’ ಎಂಬ ಚೌಕಗಳನ್ನು ಇಟ್ಟರು. ಪ್ರಶ್ನೆಗೆ ಉತ್ತರಿಸಲು ಒಪ್ಪಿದವರೆಲ್ಲ ತಮ್ಮ ಧ್ವನಿ ಮೊಬೈಲಿನಲ್ಲಿ ಉಳಿಯಲು ಒಪ್ಪಿದ್ದಾರೆಂದು ಭಾವಿಸಲಾಗದು.

ಇಲ್ಲಿ ಎರಡು ಪದಗಳನ್ನು ಬೇರೆಯಾಗಿ ಹಿಡಿಯಬೇಕು. ಅನಾಮಿಕ ಎಂದರೆ ಉತ್ತರ ಯಾರದೆಂಬುದು ಸಂಶೋಧಕರಿಗೂ ತಿಳಿಯದು. ಗೋಪ್ಯ ಎಂದರೆ ಅವರಿಗೆ ತಿಳಿದಿದೆ, ಹೊರಗೆ ಹೇಳುವುದಿಲ್ಲ. ಸಂಖ್ಯೆಗೂ ಮನೆಗೂ ಜೋಡಿಸುವ ಪಟ್ಟಿ ಇರುವವರೆಗೆ ಸಮೀಕ್ಷೆ ಗೋಪ್ಯವಾಗಿರಬಹುದೇ ಹೊರತು ಅನಾಮಿಕವಲ್ಲ. ಹೆಸರು ಬಿಟ್ಟ ಮಾತ್ರಕ್ಕೆ ಗುರುತು ಅಳಿಯುವುದೂ ಇಲ್ಲ. ‘ನಲವತ್ತಾರು ವರ್ಷದ ಅಂಗನವಾಡಿ ಕಾರ್ಯಕರ್ತೆ’ ಎಂದು ಪ್ರಬಂಧದಲ್ಲಿ ಬರೆದರೆ ಊರಿನವರಿಗೆ ಹೆಸರು ಬೇಕಿಲ್ಲ. ಅದಕ್ಕಾಗಿ ವಯಸ್ಸನ್ನು ಹತ್ತು ವರ್ಷದ ಗುಂಪಿನಲ್ಲಿ ಬರೆಯುವುದು, ಐದು ಮನೆಗಳಿಗಿಂತ ಕಡಿಮೆ ಇರುವ ಗುಂಪನ್ನು ಕೋಷ್ಟಕದಲ್ಲಿ ಬೇರೆಯಾಗಿ ತೋರಿಸದಿರುವುದು ಎಂಬ ಎರಡು ನಿಯಮಗಳು ಸೇರಿದವು. ಜಾತಿಯನ್ನು ಕೇಳುವ ಒಂದು ಪ್ರಶ್ನೆಯೂ ಮೊದಲಿತ್ತು. ಪ್ರಬಂಧದ ಯಾವ ಅಧ್ಯಾಯಕ್ಕೂ ಅದರ ಅಗತ್ಯವಿಲ್ಲವೆಂದು ಕಂಡ ಮೇಲೆ ಅದನ್ನು ತೆಗೆದರು. ಜನಗಣತಿಯ ದಾಖಲೆಗಳನ್ನು ಯಾರೂ ತೆರೆದು ನೋಡದಂತೆ ಕಾಯ್ದೆಯೇ ಕಾಪಾಡುತ್ತದೆ. ಕಾಲೇಜಿನ ಸಮೀಕ್ಷೆಗೆ ಅಂಥ ವಿಶೇಷ ಕವಚವಿಲ್ಲ. ಬರೆದುಕೊಳ್ಳದ ಸಂಗತಿ ಎಂದೂ ಸೋರುವುದಿಲ್ಲ ಎಂಬುದೇ ಅದಕ್ಕಿರುವ ಗಟ್ಟಿ ರಕ್ಷಣೆ.

ಮೂರನೆಯ ಭಾಗ ಹಿಂದೆ ಸರಿಯುವ ಹಕ್ಕಿನದು. ಮಾಹಿತಿ ಪತ್ರಗಳಲ್ಲಿ ಅತಿ ಹೆಚ್ಚು ಸುಳ್ಳು ಸೇರುವುದು ಇಲ್ಲಿಯೇ, ಅದೂ ಸುಳ್ಳೆಂದು ಬರೆದವರಿಗೇ ಹೊಳೆಯದೆ. ‘ಯಾವುದೇ ಸಮಯದಲ್ಲಿ’ ಎಂಬ ಮಾತು ಉದಾರವಾಗಿ ಕೇಳಿಸುತ್ತದೆ. ಆದರೆ ಉತ್ತರದ ಮೇಲೆ ಹೆಸರೂ ಇಲ್ಲ, ಸಂಖ್ಯೆಯೂ ಇಲ್ಲ ಎಂದಾದರೆ ತಿಂಗಳ ನಂತರ ಬಂದು ‘ನನ್ನ ಉತ್ತರ ತೆಗೆಯಿರಿ’ ಎಂದವರ ಕಾಗದವನ್ನು ನೂರಿಪ್ಪತ್ತರಲ್ಲಿ ಹೇಗೆ ಹುಡುಕುವುದು? ಪ್ರಬಂಧ ಮುದ್ರಿತವಾಗಿ ಗ್ರಂಥಾಲಯ ಸೇರಿದ ಮೇಲೆ ಲೆಕ್ಕದಿಂದ ಒಂದು ಮನೆಯನ್ನು ಕಳೆಯುವುದು ಹೇಗೆ? ಅನಾಮಿಕತೆ, ಯಾವಾಗ ಬೇಕಾದರೂ ಹಿಂಪಡೆಯುವ ಹಕ್ಕು, ಇವೆರಡನ್ನೂ ಒಂದೇ ಪತ್ರ ಒಟ್ಟಿಗೆ ಕೊಡಲಾರದು. ಸಂಶೋಧಕರು ಒಂದನ್ನು ಆರಿಸಿಕೊಂಡು ಅದನ್ನೇ ಹೇಳಬೇಕು.

ಈ ವಿದ್ಯಾರ್ಥಿಗಳು ಎರಡರ ನಡುವಿನ ದಾರಿ ಹಿಡಿದರು. ಪತ್ರದ ಕೆಳಗೆ ಹರಿದುಕೊಡುವ ಚೀಟಿಯೊಂದನ್ನು ಮುದ್ರಿಸಿ, ಉತ್ತರದ ಕಾಗದದ ಸಂಖ್ಯೆಯನ್ನೇ ಅದರಲ್ಲೂ ಬರೆದರು. ಪತ್ರ ಹೇಳಿದ್ದು ಇಷ್ಟು: ‘ಮಾತಿನ ನಡುವೆ ಸಾಕೆನಿಸಿದರೆ ಸಾಕು ಎನ್ನಿರಿ, ಬರೆದದ್ದನ್ನು ನಿಮ್ಮ ಎದುರಿಗೇ ಹರಿಯುತ್ತಾರೆ. ನಾಳೆ ನಾಡಿದ್ದು ಬೇಡವೆನಿಸಿದರೆ ಜನವರಿ 31ರೊಳಗೆ ಚೀಟಿಯಲ್ಲಿರುವ ನಂಬರಿಗೆ ಫೋನ್ ಮಾಡಿ ನಿಮ್ಮ ಸಂಖ್ಯೆ ಹೇಳಿರಿ. ಕಾರಣ ಹೇಳಬೇಕಾಗಿಲ್ಲ. ನಿಮ್ಮ ಕಾಗದವನ್ನು ಹರಿದು, ಕಂಪ್ಯೂಟರಿನಲ್ಲಿರುವುದನ್ನೂ ತೆಗೆದುಹಾಕುತ್ತಾರೆ. ಚೀಟಿ ಕಳೆದುಹೋಗಿದ್ದರೆ ಹೆಸರು ಹೇಳಿದರೂ ಸಾಕು. ಜನವರಿ 31ರ ನಂತರ ಮನೆಗಳ ಪಟ್ಟಿಯನ್ನು ಸುಟ್ಟುಹಾಕುತ್ತಾರೆ. ಆಮೇಲೆ ಯಾವ ಉತ್ತರ ಯಾರದೆಂದು ಇವರಿಗೂ ತಿಳಿಯುವುದಿಲ್ಲ, ಆದ್ದರಿಂದ ತೆಗೆಯಲೂ ಆಗುವುದಿಲ್ಲ.’

ದಿನಾಂಕವೊಂದನ್ನು ಹಾಕುವುದರಿಂದ ಹಕ್ಕು ಕಿರಿದಾಯಿತೆಂದು ತೋರಬಹುದು. ವಾಸ್ತವದಲ್ಲಿ ಹಕ್ಕು ಈಗಲೇ ಹುಟ್ಟಿತು. ಮೊದಲ ಪತ್ರ ‘ಯಾವಾಗಲಾದರೂ’ ಎಂದು ಹೇಳಿ ದಾರಿಯನ್ನೇ ತೋರಿಸಿರಲಿಲ್ಲ. ಎರಡನೆಯದು ಗಡುವನ್ನೂ, ಫೋನನ್ನೂ, ಫೋನ್ ಮಾಡಿದರೆ ಆಗುವ ಕೆಲಸವನ್ನೂ ತೋರಿಸಿತು. ಆ ಫೋನು ಪ್ರಶ್ನೆ ಕೇಳಿದ ವಿದ್ಯಾರ್ಥಿನಿಯದಲ್ಲ, ವಿಭಾಗದ್ದು ಎಂಬುದೂ ಮುಖ್ಯ. ಚಹಾ ಕೊಟ್ಟು ಕಳಿಸಿದ ಹುಡುಗಿಗೇ ‘ನಿನಗೆ ಕೊಟ್ಟದ್ದು ಬೇಡ’ ಎನ್ನಲು ಹಳ್ಳಿಯ ದಾಕ್ಷಿಣ್ಯ ಬಿಡುವುದಿಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ 2023ರ ಕಾಯ್ದೆಯಲ್ಲಿ ಇದಕ್ಕೆ ನೆರವಾಗುವ ಒಂದು ಅಳತೆಗೋಲಿದೆ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅದಕ್ಕೆ ಸಮನಾಗಿ ಸುಲಭವಿರಬೇಕೆಂದು ಅದು ಹೇಳುತ್ತದೆ. ಕಾಗದದ ಮೇಲೆ ಬರೆದುಕೊಂಡು ಆಮೇಲೆ ಕಂಪ್ಯೂಟರಿಗೆ ಸೇರಿಸಿದ ವೈಯಕ್ತಿಕ ಮಾಹಿತಿಯೂ ಆ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನೂ ಅದು ಕೊಡುತ್ತದೆ. ಕನ್ನಡ, ಮರಾಠಿ ಎರಡೂ ಆ ಅನುಸೂಚಿಯಲ್ಲಿವೆ. ಸಂಶೋಧನೆಗೆ ಕೆಲವು ಷರತ್ತುಗಳೊಡನೆ ವಿನಾಯಿತಿಯೂ ಉಂಟು, ಅದನ್ನು ಮುಂದಿಟ್ಟು ಇದೆಲ್ಲ ಬೇಡವೆನ್ನುವವರೂ ಉಂಟು. ಆದರೆ ಕಟ್ಟೆಯ ಮೇಲೆ ಬಾಯಿಮಾತಿನಲ್ಲಿ ಪಡೆದ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ‘ವಿಭಾಗದ ಮುಖ್ಯಸ್ಥರಿಗೆ ಲಿಖಿತ ಅರ್ಜಿ ಸಲ್ಲಿಸತಕ್ಕದ್ದು’ ಎಂದು ಬರೆಯುವುದು ನ್ಯಾಯವಲ್ಲ ಎಂದು ತಿಳಿಯಲು ಕಾಯ್ದೆಯೇ ಬೇಕೆಂದಿಲ್ಲ.

ಪತ್ರ ತಿಳಿಯಿತೋ ಇಲ್ಲವೋ ಎಂದು ನೋಡುವ ಬಗೆಯೂ ಬದಲಾಯಿತು. ‘ತಿಳಿಯಿತೇ?’ ಎಂದು ಕೇಳಿದರೆ ಎಲ್ಲರೂ ತಿಳಿಯಿತು ಎನ್ನುತ್ತಾರೆ. ತಿಳಿಯಲಿಲ್ಲ ಎನ್ನುವುದು ಕೇಳಿದವರಿಗೂ ಹೇಳುವವರಿಗೂ ಮುಜುಗರ. ಆದ್ದರಿಂದ ಸಮೀಕ್ಷೆಗೆ ಸೇರದ ಇನ್ನೊಂದು ಊರಿನ ಆರು ಜನರಿಗೆ ಪತ್ರ ಓದಿ, ನಾಲ್ಕು ಪ್ರಶ್ನೆ ಕೇಳಿದರು. ಬಂದವರು ಯಾರು? ಒಲ್ಲೆ ಎಂದರೆ ಏನಾಗುತ್ತದೆ? ಈ ಕಾಗದ ಎಲ್ಲಿಗೆ ಹೋಗುತ್ತದೆ? ಹದಿನೈದು ದಿನ ಬಿಟ್ಟು ಬೇಡವೆನಿಸಿದರೆ ಏನು ಮಾಡುತ್ತೀರಿ? ಮೊದಲ ಮೂರಕ್ಕೆ ಸರಿಯಾದ ಉತ್ತರಗಳೇ ಬಂದವು. ನಾಲ್ಕನೆಯದಕ್ಕೆ ಒಬ್ಬ ರೈತರು, “ಕಾಲೇಜಿಗೆ ಬಂದು ಕಾಗದ ವಾಪಸ್ ತಗೋಬೇಕು” ಎಂದರು. ಇನ್ನಿಬ್ಬರು ಅದಕ್ಕೆ ತಲೆದೂಗಿದರು. ತಪ್ಪು ಅವರದಲ್ಲ. ಫೋನಿನ ವಾಕ್ಯ ಪತ್ರದ ಕೊನೆಯಲ್ಲಿ, ಉದ್ದನೆಯ ಭಾಗದ ಬಾಲದಲ್ಲಿತ್ತು. ಅದನ್ನು ಮೇಲಕ್ಕೆ ತಂದು, ಚೀಟಿಯನ್ನು ಕೈಗೆ ಕೊಡುತ್ತಲೇ ಓದುವಂತೆ ಮಾಡಿದ ಮೇಲೆ ಅದೂ ಸರಿಹೋಯಿತು.

ಸಹಿಯ ಪ್ರಶ್ನೆ ಕೊನೆಗೆ ಉಳಿಯಿತು. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡವರ ಕಥೆ ಕೇಳಿ ಬೆಳೆದವರಿಗೆ ಸಹಿಯ ಗೆರೆಯೇ ಭಯ. ಅಪಾಯ ಕಡಿಮೆ ಇರುವ ಇಂಥ ಸಮೀಕ್ಷೆಯಲ್ಲಿ ಬಾಯಿಮಾತಿನ ಒಪ್ಪಿಗೆ ಪಡೆದು, ಪತ್ರ ಓದಿದ ದಿನಾಂಕವನ್ನೂ ಸಿಕ್ಕ ಉತ್ತರವನ್ನೂ ವಿದ್ಯಾರ್ಥಿಯೇ ಬರೆದು ಸಹಿ ಮಾಡುವುದು ಒಳ್ಳೆಯದು. ಓದುಬರಹ ಬಾರದವರ ಮನೆಯಲ್ಲಿ, ಸಮೀಕ್ಷೆಗೆ ಸಂಬಂಧಿಸದ, ಓದಬಲ್ಲ ಒಬ್ಬರನ್ನು ಸಾಕ್ಷಿಯಾಗಿ ಕೂರಿಸಿಕೊಳ್ಳಬೇಕು. ಮುಖ್ಯವಾಗಿ ಪತ್ರ ಆ ಮನೆಯಲ್ಲೇ ಉಳಿಯಬೇಕು. ಹಕ್ಕುಗಳನ್ನು ಬರೆದ ಕಾಗದವನ್ನು ಓದಿ ತೋರಿಸಿ ಮತ್ತೆ ಚೀಲಕ್ಕೆ ಸೇರಿಸಿಕೊಂಡು ಹೋದರೆ ಹಕ್ಕೂ ಚೀಲಕ್ಕೆ ಸೇರಿದಂತೆಯೇ.

ಇಷ್ಟೆಲ್ಲ ಹೇಳಿದರೆ ಜನ ಒಲ್ಲೆ ಎಂದುಬಿಡುತ್ತಾರೆ, ಸಂಖ್ಯೆ ಕುಸಿಯುತ್ತದೆ, ಪ್ರಬಂಧ ಸೊರಗುತ್ತದೆ ಎಂಬ ಆಕ್ಷೇಪ ವಿಭಾಗಗಳಲ್ಲಿ ಕೇಳಿಬರುತ್ತದೆ. ಅದು ಪೂರ್ತಿ ಸುಳ್ಳಲ್ಲ, ಕೆಲವರು ಒಲ್ಲೆ ಎನ್ನುತ್ತಾರೆ. ಮತ್ತೆ ಮತ್ತೆ ಒಂದೇ ಬಗೆಯ ಮನೆಗಳು ಒಲ್ಲೆ ಎಂದರೆ ಉಳಿದ ಉತ್ತರಗಳ ತೂಕವೂ ಬದಲಾಗುತ್ತದೆ. ಅದಕ್ಕೆ ಮದ್ದು, ಒಲ್ಲೆ ಎಂದ ಮನೆಗಳ ಸಂಖ್ಯೆಯನ್ನು ಪ್ರಬಂಧದಲ್ಲಿ ಮುಚ್ಚಿಡದೆ ಹೇಳುವುದು. ಅಂಜಿಕೆಯಿಂದ ಬಂದ ಉತ್ತರಕ್ಕೆ ಅಂಥ ಮದ್ದಿಲ್ಲ. ರೇಶನ್ ನಿಂತೀತೆಂದು ಭಾವಿಸಿದವರು ‘ಮನೆಯಲ್ಲಿ ಮರಾಠಿ’ ಎಂದು ಬರೆಸಿದರೆ ಆ ಸುಳ್ಳು ಕೋಷ್ಟಕದಲ್ಲಿ ಸತ್ಯದ ಪಕ್ಕದಲ್ಲೇ ಕುಳಿತಿರುತ್ತದೆ, ಯಾರ ಕಣ್ಣಿಗೂ ಬೀಳುವುದಿಲ್ಲ. ಗಡಿಸೀಮೆಯ ಕನ್ನಡದ ಸ್ಥಿತಿಯನ್ನು ಅರಿಯಲು ಹೊರಟ ಅಧ್ಯಯನ ಆ ಅಂಜಿಕೆಯನ್ನೇ ಎಣಿಸಿ ತಂದಂತಾಗುತ್ತದೆ.

ಪತ್ರ ತಿದ್ದಿದ ಮೇಲೆ ವಿದ್ಯಾರ್ಥಿನಿ ಮೊದಲ ಮನೆಗೆ ಮತ್ತೆ ಹೋದಳು. ಮೊದಲು ಪಡೆದ ಒಪ್ಪಿಗೆ ಒಪ್ಪಿಗೆಯಲ್ಲವೆಂದು ಮಾರ್ಗದರ್ಶಕರು ಹೇಳಿದ್ದರು. ಹೊಸ ಪತ್ರವನ್ನು ಕೇಳಿದ ಆ ಹಿರಿಯರು ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, “ಮೊಮ್ಮಗನ ಸಾಲಿ ಮಾತು ಬ್ಯಾಡ, ಮಗಾ ಬಂದ್ ಮ್ಯಾಲ ಅವನ್ನ ಕೇಳು. ಉಳಿದದ್ದು ಬರ್ಕೋ” ಎಂದರು. ಹದಿನಾಲ್ಕು ಪ್ರಶ್ನೆಗಳಲ್ಲಿ ಎರಡು ಖಾಲಿ ಉಳಿದವು. ಆ ಎರಡು ಖಾಲಿ ಚೌಕಗಳಿಂದಲೇ ಉಳಿದ ಹನ್ನೆರಡು ಉತ್ತರಗಳು ನಂಬಲರ್ಹವಾದವು.